ವಾನ್ಕಾನ ಕಾಗದ: ರಷ್ಯನ್ ಭಾಷೆಯ ಮುದ್ದುರೂಪಗಳೂ ಕನ್ನಡದ ಸಂಬೋಧನೆಯೂ

1

ರಷ್ಯನ್ ಕಥೆ ಕಾದಂಬರಿಗಳನ್ನು ಕನ್ನಡದಲ್ಲಿ ಓದುವವರು ಎರಡು ತೊಡಕುಗಳನ್ನು ಹೇಳಿಕೊಳ್ಳುವುದುಂಟು. ಒಬ್ಬನೇ ವ್ಯಕ್ತಿ ನಾಲ್ಕಾರು ಹೆಸರುಗಳಿಂದ ಬರುವುದರಿಂದ ಯಾರು ಯಾರೆಂಬುದೇ ತಿಳಿಯುವುದಿಲ್ಲವೆಂಬುದು ಮೊದಲನೆಯದು. ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರೋದಿಯೋನ್ ಎಂಬವನು ತಾಯಿಗೆ ರೋದ್ಯಾ, ಇನ್ನೊಮ್ಮೆ ರೋದೆನ್ಕಾ, ಅವನ ತಂಗಿ ಅವ್ದೋತ್ಯಾ ಎಂಬವಳು ದೂನ್ಯಾ, ದೂನೆಚ್ಕಾ. ಪಾತ್ರಗಳ ಮಾತಿನಲ್ಲಿ ‘ಪುಟ್ಟ’, ‘ಮುದ್ದು’, ‘ಪ್ರಿಯ’ ಎಂಬ ವಿಶೇಷಣಗಳು ಬೇಡವೆನ್ನುವಷ್ಟು ತುಂಬಿರುತ್ತವೆ, ದೊಡ್ಡವರು ದೊಡ್ಡವರೊಡನೆ ಮಕ್ಕಳಂತೆ ಮಾತಾಡುತ್ತಿರುವ ಹಾಗೆ ತೋರುತ್ತದೆ ಎಂಬುದು ಎರಡನೆಯದು. ಮೊದಲನೆಯದು ಹೆಸರಿನ ತೊಡಕು, ಎರಡನೆಯದು ಶೈಲಿಯ ತೊಡಕು ಎಂದು ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ವಾಸ್ತವದಲ್ಲಿ ಇವೆರಡೂ ಒಂದೇ ಬೇರಿನಿಂದ ಬಂದವು. ರಷ್ಯನ್ ಭಾಷೆಯು ನಾಮಪದದ ಬಾಲಕ್ಕೆ ಒಂದು ಪ್ರತ್ಯಯವನ್ನು ಹಚ್ಚಿ, ಹೇಳುವವನ ಮನಸ್ಸಿನ ಆರ್ದ್ರತೆಯನ್ನು ಆ ಪದದೊಳಗೇ ಇಡಬಲ್ಲದು. ಕನ್ನಡದ ಸಾಮಾನ್ಯ ನಾಮಪದಗಳಿಗೆ ಅಂಥ ಸೌಕರ್ಯವಿಲ್ಲ.

ಆದುದರಿಂದ ಈ ಆರ್ದ್ರತೆಯನ್ನು ಕನ್ನಡಕ್ಕೆ ತರುವುದು ಅಸಾಧ್ಯವೆಂದು ಕೈಬಿಡುವವರಿದ್ದಾರೆ; ವಿಶೇಷಣಗಳನ್ನು ಸುರಿದು ತಂದೆವೆಂದು ತೃಪ್ತಿಪಡುವವರೂ ಇದ್ದಾರೆ. ಈ ಎರಡು ನಿಲುವುಗಳೂ ಕನ್ನಡವನ್ನು ಅದರ ಮನೆಯ ಮಾತಿನಲ್ಲಿ ಕೇಳದೆ, ಗ್ರಂಥದ ಭಾಷೆಯಲ್ಲಿ ಮಾತ್ರ ನೋಡಿದುದರ ಫಲವೆಂಬುದು ಪ್ರಕೃತ ಲೇಖನದ ವಾದ. ವಾದಕ್ಕೆ ಆಧಾರವಾಗಿ ಚೆಖೋವನ ಒಂದು ಸಣ್ಣ ಕಥೆಯನ್ನು ವಿವರವಾಗಿ ಪರಿಶೀಲಿಸುವುದು ನನ್ನ ಉದ್ದೇಶ.

2

ಮೊದಲು ಪ್ರತ್ಯಯದ ಸ್ವರೂಪ. ರಷ್ಯನ್ನಿನಲ್ಲಿ ‘-ಕಾ’, ‘-ಉಷ್ಕಾ’, ‘-ಎನ್ಕಾ’, ‘-ಎಚ್ಕಾ’, ‘-ಇಕ್’, ‘-ಒಕ್’ ಮುಂತಾದ ಪ್ರತ್ಯಯಗಳಿವೆ. ‘ದೋಮ್’ ಎಂದರೆ ಮನೆ, ‘ದೋಮಿಕ್’ ಎಂದರೆ ಚಿಕ್ಕ ಮನೆ. ಇದನ್ನು ಓದಿ, ಪ್ರತ್ಯಯದ ಅರ್ಥ ಚಿಕ್ಕದು ಎಂದು ತೀರ್ಮಾನಿಸಿದರೆ ಮುಂದೆ ಹೆಜ್ಜೆಹೆಜ್ಜೆಗೂ ಎಡವಬೇಕಾಗುತ್ತದೆ. ಏಕೆಂದರೆ ಒಂದೇ ಪ್ರತ್ಯಯ ಮೂರು ಅವಸ್ಥೆಗಳಲ್ಲಿರಬಹುದು.

ಕೆಲವು ಪದಗಳಲ್ಲಿ ಅದು ಸತ್ತಿದೆ. ‘ಸೆಲ್ಯೋದ್ಕಾ’ ಎಂದರೆ ಹೆರಿಂಗ್ ಮೀನು; ಅಲ್ಲಿ ಪುಟ್ಟ ಮೀನೂ ಇಲ್ಲ, ಪ್ರೀತಿಯ ಮೀನೂ ಇಲ್ಲ. ‘ರುಚ್ಕಾ’ ಎಂಬುದು ಕೈ ಎಂಬರ್ಥದ ‘ರುಕಾ’ದಿಂದ ಬಂದುದು, ಅದು ಮಗುವಿನ ಪುಟ್ಟ ಕೈಯೂ ಆಗಬಹುದು, ಬಾಗಿಲಿನ ಹಿಡಿಯೂ ಆಗಬಹುದು, ಬರೆಯುವ ಪೆನ್ನೂ ಆಗಬಹುದು. ಇನ್ನು ಕೆಲವು ಪದಗಳಲ್ಲಿ ಪ್ರತ್ಯಯ ಬಳಸಿ ಬಳಸಿ ಸವೆದಿದೆ. ‘ದೇದ್’ ಎಂದರೆ ಅಜ್ಜ. ‘ದೇದುಷ್ಕಾ’ ಎಂಬುದೂ ಅಜ್ಜನೇ. ಮೊಮ್ಮಗನು ಕರೆಯುವ ವಾಡಿಕೆಯ ಮಾತು ಎರಡನೆಯದು; ಅದರಲ್ಲಿ ಬೆಚ್ಚಗಿನ ಗುಣ ಉಳಿದಿದೆ, ಚಿಕ್ಕತನ ಉಳಿದಿಲ್ಲ. ಮೂರನೆಯ ಬಗೆಯಲ್ಲಿ ಪ್ರತ್ಯಯ ಜೀವಂತವಾಗಿದೆ: ಮಾತಾಡುವವನು ಸರಳ ರೂಪವನ್ನು ಬಿಟ್ಟು, ಆ ಕ್ಷಣದ ಭಾವಕ್ಕಾಗಿ ಬೇಕೆಂದೇ ಇದನ್ನು ಆರಿಸಿಕೊಳ್ಳುತ್ತಾನೆ. ಅನುವಾದಕನ ಶ್ರಮವೆಲ್ಲ ಸಲ್ಲಬೇಕಾದುದು ಈ ಮೂರನೆಯದಕ್ಕೆ. ಮೊದಲನೆಯದಕ್ಕೆ ‘ಪುಟ್ಟ’ ಎಂದು ಸೇರಿಸಿದವನು ಇಲ್ಲದ ಪ್ರೀತಿಯನ್ನು ಕಥೆಗೆ ಹೊರಿಸುತ್ತಾನೆ.

ಒಂದೇ ಪ್ರತ್ಯಯ ಪ್ರೀತಿಗೂ ತಿರಸ್ಕಾರಕ್ಕೂ ಒದಗುವುದು ನಮಗೆ ಆಶ್ಚರ್ಯವಾಗಬಾರದು. ಪಾಣಿನಿಯ ‘ಅಷ್ಟಾಧ್ಯಾಯಿ’ಯ 5ನೆಯ ಅಧ್ಯಾಯದ 3ನೆಯ ಪಾದದಲ್ಲಿ ‘ಕ’ ಪ್ರತ್ಯಯಕ್ಕೆ ಕುತ್ಸೆ, ಅನುಕಂಪೆ, ಅಲ್ಪತ್ವ, ಹ್ರಸ್ವತ್ವ ಎಂಬ ಅರ್ಥಗಳು ಒಂದರ ಹಿಂದೊಂದರಂತೆ ಬರುತ್ತವೆ. ‘ಅಶ್ವಕ’ ಎಂದರೆ ಕೆಲಸಕ್ಕೆ ಬಾರದ ಕುದುರೆ. ‘ಪುತ್ರಕ’ ಎಂದರೆ ಕರುಣೆಗೆ ಪಾತ್ರನಾದ ಮಗ. ಅಷ್ಟೇ ಅಲ್ಲ, ದೇವದತ್ತನೆಂಬ ಉದ್ದ ಹೆಸರನ್ನು ಅನುಕಂಪೆಯಿಂದ ಕರೆಯುವಾಗ ಅದು ದೇವಿಕ, ದೇವಿಯ, ದೇವಿಲ ಆಗುತ್ತದೆಂದೂ ಅಲ್ಲಿ ವಿಧಾನವಿದೆ. ಹೆಸರನ್ನು ಮೊಟಕುಗೊಳಿಸಿ ಪ್ರತ್ಯಯ ಹಚ್ಚುವ ಈ ಕ್ರಮ, ಇವಾನನನ್ನು ವಾನ್ಯಾ, ವಾನ್ಯುಷ್ಕಾ ಎನ್ನುವ ಕ್ರಮವೇ. ಈ ‘ಕ’ಕಾರವೂ ರಷ್ಯನ್ನಿನ ‘-ಕಾ’ದಲ್ಲಿರುವ ಕಕಾರವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಆದರೆ ಕನ್ನಡಕ್ಕೆ ತತ್ಸಮಗಳ ಮೂಲಕ ಬಂದ ‘ಕ’ ಸತ್ತೇ ಬಂದಿತು. ‘ಬಾಲಕ’ ಎಂಬುದರಲ್ಲಿ ಈಗ ಯಾವ ಅನುಕಂಪೆಯೂ ಕೇಳಿಸುವುದಿಲ್ಲ. ಅದು ಶಾಲೆಯ ದಾಖಲೆಯ ಮಾತಾಗಿದೆ.

3

ಹಾಗಾದರೆ ಕನ್ನಡದಲ್ಲಿ ಏನಿದೆ? ‘ಕಿರು’, ‘ಮರಿ’, ‘ಪುಟ್ಟ’, ‘ಎಳ’ ಎಂಬ ಪೂರ್ವಪದಗಳು ಥಟ್ಟನೆ ನೆನಪಿಗೆ ಬರುತ್ತವೆ. ‘ಕಿರುಬೆರಳು’, ‘ಕಿರುದಾರಿ’ ಎಂಬಲ್ಲಿ ಅಳತೆಯಿದೆಯೇ ಹೊರತು ಮಮತೆಯಿಲ್ಲ. ‘ಪುಟ್ಟ’ ಎಂಬುದರಲ್ಲಿ ಮಮತೆಯುಂಟು; ಆದರೆ ಅದು ಸ್ವತಂತ್ರ ಪದ, ತನ್ನದೇ ಒತ್ತಿನೊಡನೆ ವಾಕ್ಯದಲ್ಲಿ ನಿಲ್ಲುತ್ತದೆ. ಪ್ರತ್ಯಯ ಪಿಸುಗುಟ್ಟುತ್ತದೆ, ವಿಶೇಷಣ ಗಟ್ಟಿಯಾಗಿ ಕೂಗುತ್ತದೆ. ರಷ್ಯನ್ನನು ಒಂದು ಪುಟದಲ್ಲಿ ಹತ್ತು ಮುದ್ದುರೂಪಗಳನ್ನು ಬಳಸಿದರೂ ಮಾತು ಹಗುರಾಗಿಯೇ ಇರುತ್ತದೆ. ಅದೇ ಪುಟಕ್ಕೆ ಹತ್ತು ‘ಪುಟ್ಟ’ಗಳನ್ನು ಹಾಕಿದರೆ ಕನ್ನಡ ಓದುಗನಿಗೆ ಸಿಹಿ ಅತಿಯಾಗಿ ಬಾಯಿ ಕಟ್ಟುತ್ತದೆ. ಮೇಲೆ ಹೇಳಿದ ಎರಡನೆಯ ತೊಡಕಿನ ಕಾರಣ ಇದೇ.

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮ್ಮ ಕಿವಿಗೆ ಮರಾಠಿಯ ಚಿಮುಕಲಾ, ಸಾನುಲಾ, ಧಾಕುಲಾ, ತಾನ್ಹುಲಾ ಎಂಬ ರೂಪಗಳು ದಿನವೂ ಬೀಳುತ್ತಿರುತ್ತವೆ. ‘ಘರ್’ ಎಂಬುದು ‘ಘರಕುಲ್’ ಆದಾಗ ಮನೆ ಬೆಚ್ಚಗಾಗುವುದನ್ನು ನಾವು ಬಲ್ಲೆವು. ಇಂಥದೊಂದು ನಮ್ಮಲ್ಲಿ ಇದ್ದಿದ್ದರೆ ಎಂದು ಅನುವಾದಕನಿಗೆ ಆಸೆಯಾಗುವುದು ಸಹಜ. ಆದರೆ ನೆರೆಮನೆಯ ಪ್ರತ್ಯಯಕ್ಕೆ ಆಸೆಪಡುವ ಮೊದಲು ನಮ್ಮ ಮನೆಯನ್ನೊಮ್ಮೆ ಶೋಧಿಸುವುದು ಯುಕ್ತ.

ವ್ಯಕ್ತಿನಾಮಗಳಲ್ಲಿ ಕನ್ನಡವು ಬಡಭಾಷೆಯಲ್ಲ. ಶ್ರೀನಿವಾಸನು ಸೀನ, ಸೀನು, ಸೀನಪ್ಪ, ಕೃಷ್ಣನು ಕಿಟ್ಟ, ಕಿಟ್ಟಿ, ಕಿಟ್ಟು, ಕಿಟ್ಟಣ್ಣ, ನಾರಾಯಣನು ನಾಣಿ. ಧಾರವಾಡದ ಕಡೆ ಬಸವರಾಜನು ಬಸ್ಯಾ, ಬಸು, ಬಸಣ್ಣ, ಬಸಪ್ಪ. ಇವು ಒಂದೇ ಹೆಸರಿನ ಪರ್ಯಾಯಗಳಲ್ಲ, ಒಂದು ಏಣಿಯ ಮೆಟ್ಟಿಲುಗಳು. ‘ಬಸ್ಯಾ’ ಎಂದು ಗೆಳೆಯ ಕರೆದರೆ ಸಲಿಗೆ, ಒಡೆಯ ಕರೆದರೆ ತಾತ್ಸಾರ. ‘ಬಸು’ ಎಂಬ ಉಕಾರಾಂತದಲ್ಲಿ ಮನೆಯ ಅಕ್ಕರೆಯಿದೆ. ಮುಂದಿನ ಎರಡು ಮೆಟ್ಟಿಲುಗಳಲ್ಲಿ ಹೆಸರಿಗೆ ಅಣ್ಣನೂ ಅಪ್ಪನೂ ಸೇರಿಕೊಳ್ಳುತ್ತಾರೆ.

ಈ ಕೊನೆಯ ಎರಡು ಮೆಟ್ಟಿಲುಗಳಲ್ಲಿಯೇ ಕನ್ನಡದ ಗುಟ್ಟಿರುವುದು. ರಷ್ಯನ್ನಿನ ಅಕ್ಕರೆ ಪ್ರೀತಿಪಾತ್ರವನ್ನು ಚಿಕ್ಕದಾಗಿ ಮಾಡುತ್ತದೆ. ಕನ್ನಡದ ಅಕ್ಕರೆ ಅದನ್ನು ನಂಟಿನೊಳಗೆ ತಂದು ದೊಡ್ಡದಾಗಿ ಮಾಡುತ್ತದೆ. ಅಳುವ ಮೂರು ವರುಷದ ಮಗನನ್ನು ತಾಯಿ ‘ಯಾಕಪ್ಪಾ’, ‘ಬಾರೋ ನನ್ನಪ್ಪಾ’ ಎನ್ನುತ್ತಾಳೆ. ಮಗಳನ್ನು ‘ನಮ್ಮವ್ವಾ’, ‘ನನ್ನ ತಾಯೀ’ ಎನ್ನುತ್ತಾಳೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಗನಿಗೆ ‘ತಮ್ಮಾ’ ಎನ್ನುವುದು, ಮಗಳಿಗೆ ‘ತಂಗಿ’ ಎನ್ನುವುದು ವಾಡಿಕೆ. ಹೆತ್ತವಳು ತನ್ನ ಕೂಸನ್ನು ತನ್ನ ತಂದೆಯಾಗಿ, ತನ್ನ ತಾಯಿಯಾಗಿ ಕರೆಯುವ ಈ ವಿಪರ್ಯಾಸವು ನಮಗೆ ಎಷ್ಟು ಸಹಜವೆಂದರೆ, ಅದನ್ನು ನಾವು ವ್ಯಾಕರಣವೆಂದು ಎಣಿಸುವುದೇ ಇಲ್ಲ. ಆದರೆ ಅದು ಮಾಡುವ ಕೆಲಸ ಮುದ್ದುಪ್ರತ್ಯಯದ ಕೆಲಸವೇ. ಕ್ರಿಯಾಪದಕ್ಕೂ ಪ್ರಶ್ನೆಗೂ ಮೆತ್ತಗೆ ಅಂಟಿಕೊಂಡು, ಅರ್ಥವನ್ನು ಬದಲಿಸದೆ ಧ್ವನಿಯನ್ನು ಮಾತ್ರ ಬದಲಿಸುತ್ತದೆ.

ಇದನ್ನು ಮರೆತ ಅನುವಾದಕನಿಗೆ ಎಂಥ ಅನರ್ಥ ಕಾದಿರುತ್ತದೆಂಬುದಕ್ಕೆ ಒಂದು ನಿದರ್ಶನ ಸಾಕು. ರಷ್ಯನ್ನಿನಲ್ಲಿ ‘ಬಾತ್ಯುಷ್ಕಾ’ ಎಂಬ ಸಂಬೋಧನೆಯಿದೆ. ತಂದೆಗೂ ಪಾದ್ರಿಗೂ ಚಕ್ರವರ್ತಿಗೂ, ಅಷ್ಟೇ ಏಕೆ, ದಾರಿಯಲ್ಲಿ ಸಿಕ್ಕ ಪರಿಚಿತನಿಗೂ ಅದು ಸಲ್ಲುತ್ತದೆ. ಹಳೆಯ ಇಂಗ್ಲಿಷ್ ಅನುವಾದಗಳಲ್ಲಿ ಇದು ‘ಲಿಟ್ಲ್ ಫಾದರ್’ ಆಯಿತು. ನಮ್ಮ ರಷ್ಯನ್ ಅನುವಾದಗಳಲ್ಲಿ ಬಹುಪಾಲು ಇಂಗ್ಲಿಷಿನ ಮೂಲಕ ಬಂದವಾದುದರಿಂದ, ಅದನ್ನು ಪದಶಃ ಕನ್ನಡಿಸುವ ಪ್ರಲೋಭನೆ ಯಾವಾಗಲೂ ಇರುತ್ತದೆ. ಪದಶಃ ಕನ್ನಡಿಸಿದರೆ ಆಗುವುದು ‘ಚಿಕ್ಕಪ್ಪ’! ಚಕ್ರವರ್ತಿಯು ಪ್ರಜೆಗಳಿಗೆಲ್ಲ ತಂದೆಯ ತಮ್ಮನಾಗಿ ಬಿಡುತ್ತಾನೆ. ‘ಮಾತುಷ್ಕಾ’ ಎಂಬುದು ‘ಚಿಕ್ಕಮ್ಮ’ ಆದರಂತೂ ಮಲತಾಯಿಯ ನೆರಳು ಸುಳಿಯುತ್ತದೆ. ಇದರಿಂದ ಪಾರಾಗಲು ‘ಕಿರಿಯ ತಂದೆ’ ಎಂದು ಬರೆದರೆ ಅರ್ಥವೇ ಇಲ್ಲದ ಮಾತಾಗುತ್ತದೆ. ಆದರೆ ‘ಏನಪ್ಪಾ’, ‘ಬಾರಯ್ಯಾ’, ‘ಹೇಳು ತಾಯಿ’ ಎಂಬ ನಮ್ಮ ದಿನಬಳಕೆಯ ಅಂತ್ಯಗಳು ಬಾತ್ಯುಷ್ಕಾ, ಮಾತುಷ್ಕಾಗಳಿಗೆ ಕೂದಲೆಳೆಯಷ್ಟೂ ಕೊರತೆಯಿಲ್ಲದ ಸಮಾನಗಳು. ಇಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಅನುಕೂಲ ಹೆಚ್ಚು. ನಡುವಣ ಭಾಷೆಯ ಬಡತನವನ್ನು ನಾವು ಸಾಲವಾಗಿ ತಂದುಕೊಳ್ಳಬೇಕಾದ ಅಗತ್ಯವೇನೂ ಇಲ್ಲ.

4

ಈಗ ಕಥೆಗೆ ಬರೋಣ. ಚೆಖೋವನ ‘ವಾನ್ಕಾ’ 1886ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ದಿನದ ‘ಪೀಟರ್ಸ್‌ಬರ್ಗ್ ಗಜೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂಬತ್ತು ವರುಷದ ಅನಾಥ ಹುಡುಗ ವಾನ್ಕಾ ಜೂಕೋವ್ ಮಾಸ್ಕೋದ ಒಬ್ಬ ಚಪ್ಪಲಿ ಹೊಲಿಯುವವನ ಬಳಿ ಮೂರು ತಿಂಗಳಿಂದ ಕೆಲಸ ಕಲಿಯುತ್ತಿದ್ದಾನೆ. ಹಬ್ಬದ ಹಿಂದಿನ ರಾತ್ರಿ, ಮನೆಯವರೆಲ್ಲ ಚರ್ಚಿಗೆ ಹೋಗಿರುವಾಗ, ಅವನು ಹಳ್ಳಿಯಲ್ಲಿ ಕಾವಲುಗಾರನಾಗಿರುವ ಅಜ್ಜನಿಗೆ ಕಾಗದ ಬರೆಯುತ್ತಾನೆ. ತಾನು ತಿನ್ನುವ ಹೊಡೆತಗಳನ್ನು ಹೇಳಿಕೊಂಡು, ಕರೆದುಕೊಂಡು ಹೋಗೆಂದು ಬೇಡುತ್ತಾನೆ. ಲಕೋಟೆಯ ಮೇಲೆ ಊರಿನ ಹೆಸರನ್ನು ಬರೆಯದೆ ಅಂಚೆಪೆಟ್ಟಿಗೆಗೆ ಹಾಕಿಬಿಡುತ್ತಾನೆ. ಕಥೆ ನಾಲ್ಕೈದು ಪುಟಗಳದು. ಮುದ್ದುರೂಪದ ಸಮಸ್ಯೆ ಅದರಲ್ಲಿ ನಾಲ್ಕು ಕಡೆ ತಲೆದೋರುತ್ತದೆ.

ಮೊದಲನೆಯದು ಹುಡುಗನ ಹೆಸರು. ಇವಾನ್ ಎಂಬುದು ಅವನ ಪೂರ್ಣ ನಾಮ. ಅಕ್ಕರೆಯ ವಾಡಿಕೆಯ ರೂಪ ವಾನ್ಯಾ. ‘ವಾನ್ಕಾ’ ಎಂಬುದು ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ: ಆಳುಹುಡುಗನನ್ನು, ಹಳ್ಳಿಯ ಬಡಹುಡುಗನನ್ನು ಲೋಕ ಕರೆಯುವ ರೀತಿ. ಇಲ್ಲಿ ‘-ಕಾ’ ಮುದ್ದಲ್ಲ, ಪಾಣಿನಿಯ ಕುತ್ಸೆಗೆ ಹತ್ತಿರದ್ದು. ನಮ್ಮ ‘ಬಸ್ಯಾ’ ಇದಕ್ಕೆ ಸರಿಸಾಟಿ. ನಿರೂಪಣೆಯಲ್ಲಿ ಚೆಖೋವನು ಈ ರೂಪವನ್ನೇ ಹಿಡಿದು ನಡೆಯುತ್ತಾನೆ. ಆದರೆ ಹುಡುಗನು ಬರೆಯುತ್ತ ಬರೆಯುತ್ತ, ಅಜ್ಜನೊಡನೆ ಹಬ್ಬದ ಮರ ತರಲು ಹಿಮದ ಕಾಡಿಗೆ ಹೋದುದನ್ನು ನೆನೆಸಿಕೊಳ್ಳುತ್ತಾನೆ. ಚಳಿಗೆ ನಡುಗುವ ಮೊಮ್ಮಗನನ್ನು ನೋಡಿ ಅಜ್ಜ ನಗುವಲ್ಲಿ ಹೆಸರು ಥಟ್ಟನೆ ‘ವಾನ್ಯುಷ್ಕಾ’ ಆಗುತ್ತದೆ. ನಿರೂಪಕನು ಆ ಒಂದು ಕ್ಷಣ ಅಜ್ಜನ ಕಣ್ಣಿನಿಂದ ಹುಡುಗನನ್ನು ನೋಡಿದ್ದಾನೆ. ಕಾಗದದ ಕೊನೆಯಲ್ಲಿ ಹುಡುಗನು ಹಾಕುವ ರುಜುವಾದರೋ ‘ಇವಾನ್ ಜೂಕೋವ್’. ಲೋಕ ಕೊಟ್ಟ ಹೆಸರು ಒಂದು, ಅಜ್ಜ ಕೊಟ್ಟ ಹೆಸರು ಒಂದು, ತಾನೇ ತನಗೆ ಕೊಟ್ಟುಕೊಂಡ ಹೆಸರು ಒಂದು. ಓದುಗನಿಗೆ ಗೊಂದಲವಾದೀತೆಂದು ಈ ಮೂರನ್ನೂ ‘ವಾನ್ಕಾ’ ಎಂದು ಸಮಗೊಳಿಸಿದ ಅನುವಾದದಲ್ಲಿ ಘಟನೆಗಳೆಲ್ಲ ಉಳಿದಿರುತ್ತವೆ, ಕಥೆಯ ಜೀವಾಳ ಹೋಗಿರುತ್ತದೆ.

ಹೆಸರನ್ನು ಕನ್ನಡಿಸಿ ‘ವೆಂಕ್ಯಾ’ ಎನ್ನುವುದು ಪರಿಹಾರವಲ್ಲ. ಆಗ ರಷ್ಯದ ಹಿಮವೆಲ್ಲ ಕರಗಿಹೋಗುತ್ತದೆ. ಮೂರು ರೂಪಗಳನ್ನೂ ಹಾಗೆಯೇ ಉಳಿಸಿಕೊಂಡು, ಅವುಗಳ ಅಂತರವನ್ನು ಕನ್ನಡದ ಸುತ್ತಲಿನ ಮಾತಿನಿಂದ ಬೆಳಗಿಸಬೇಕು. ಅಜ್ಜನ ನೆನಪಿನ ವಾಕ್ಯದಲ್ಲಿ ‘ಹುಡುಗ’ ಎಂದಿರುವ ಕಡೆ ‘ಕೂಸು’ ಎಂಬ ಒಂದು ಪದ ಬಂದರೆ ಸಾಕು, ‘ವಾನ್ಯುಷ್ಕಾ’ ಏನೆಂಬುದು ರಷ್ಯನ್ ತಿಳಿಯದವನಿಗೂ ಕೇಳಿಸುತ್ತದೆ. ರುಜುವಿನ ಹೆಸರು ಬೇರೆಯೆಂಬುದನ್ನಂತೂ ವಿವರಿಸಬೇಕಾದುದೇ ಇಲ್ಲ. ಮನೆಯಲ್ಲಿ ಸೀನುವಾಗಿದ್ದವನು ಅರ್ಜಿಯ ಕೆಳಗೆ ಶ್ರೀನಿವಾಸನಾಗುವುದನ್ನು ನಾವೆಲ್ಲ ಬಲ್ಲೆವು.

ಎರಡನೆಯದು ‘ದೇದುಷ್ಕಾ’. ನಿರೂಪಕನು ಮುದುಕನನ್ನು ‘ದೇದ್’ ಎನ್ನುತ್ತಾನೆ. ಕಾಗದದೊಳಗೆ ಹುಡುಗನು ‘ದೇದುಷ್ಕಾ’ ಎನ್ನುತ್ತಾನೆ. ಎರಡನ್ನೂ ‘ಅಜ್ಜ’ ಎಂದರೆ ಭೇದ ಅಳಿಯುತ್ತದೆ. ಒಂದು ಕಡೆ ‘ತಾತ’, ಇನ್ನೊಂದು ಕಡೆ ‘ಅಜ್ಜ’ ಎಂದರೆ ಇಬ್ಬರು ಮುದುಕರಾಗುತ್ತಾರೆ. ‘ಮುದ್ದು ಅಜ್ಜ’ ಎಂದರಂತೂ ಮೇಲಿನಿಂದ ಕೆಳಕ್ಕೆ ಹರಿಯಬೇಕಾದ ಮುದ್ದು ಕೆಳಗಿನಿಂದ ಮೇಲಕ್ಕೆ ಹರಿದಂತಾಗುತ್ತದೆ. ಕನ್ನಡದಲ್ಲಿ ಈ ಭೇದವನ್ನು ಹೊರಬಲ್ಲದ್ದು ವಿಭಕ್ತಿ. ನಿರೂಪಣೆಯಲ್ಲಿ ‘ಅಜ್ಜನು’ ಎಂಬ ಪ್ರಥಮೆಯಿರಲಿ. ಕಾಗದದಲ್ಲಿ ‘ಅಜ್ಜಾ’ ಎಂಬ ಸಂಬೋಧನೆಯಿರಲಿ. ಆ ದೀರ್ಘ ಸ್ವರವೇ ನಮ್ಮ ‘-ಉಷ್ಕಾ’. ಹುಡುಗನು ಮತ್ತೆ ಮತ್ತೆ ಕರೆಯುವ ಆ ಕಾಗದದಲ್ಲಿ ‘ಅಜ್ಜಾ’ ಎಂಬುದು ಪ್ರತಿಸಲವೂ ವಾಕ್ಯದ ಆದಿಯಲ್ಲಿಯೇ ಬರಬೇಕಾಗಿಲ್ಲ. ಮೂಲದಲ್ಲಿ ಹುಡುಗನು ‘ಪ್ರೀತಿಯ’ ಎಂಬ ಮಾತನ್ನು ಒಮ್ಮೆ ಅಜ್ಜನ ಮುಂದೆ, ಒಮ್ಮೆ ಹಿಂದೆ ಇಡುತ್ತಾನೆ. ಹಿಂದೆ ಇಟ್ಟಾಗ ಬಿಕ್ಕು ಕೇಳಿಸುತ್ತದೆ. ಕನ್ನಡದಲ್ಲಿ ವಿಶೇಷಣ ಹಿಂದಕ್ಕೆ ಹೋಗಲಾರದು, ಆದರೆ ಸಂಬೋಧನೆ ವಾಕ್ಯದ ಕೊನೆಗೆ ಹೋಗಬಲ್ಲದು. ‘ಕರಕೊಂಡು ಹೋಗು, ಅಜ್ಜಾ’ ಎಂಬ ಕ್ರಮದಲ್ಲಿ ಅದೇ ಬಿಕ್ಕು ಬರುತ್ತದೆ.

ಮೂರನೆಯದು ಅತ್ಯಂತ ಸೂಕ್ಷ್ಮವಾದುದು, ಆದುದರಿಂದಲೇ ಎಲ್ಲಕ್ಕಿಂತ ಸುಲಭವಾಗಿ ತಪ್ಪಿಹೋಗುವಂಥದು. ಕಾಗದದ ಆರಂಭದಲ್ಲಿ ಹುಡುಗನು ತನಗೆ ತಂದೆತಾಯಿಗಳಿಲ್ಲವೆಂದು ಹೇಳುವಾಗ ತಂದೆಗೆ ‘ಅತೇತ್ಸ್’ ಎಂಬ ಸರಳ ಪದವನ್ನು ಬಳಸುತ್ತಾನೆ, ತಾಯಿಗೆ ‘ಮಾಮೆನ್ಕಾ’ ಎಂಬ ಮುದ್ದುರೂಪವನ್ನು ಬಳಸುತ್ತಾನೆ. ತಂದೆಯ ವಿಷಯವಾಗಿ ಕಥೆಯಲ್ಲಿ ಬೇರೇನೂ ಬರುವುದಿಲ್ಲ. ತಾಯಿ ಪೆಲಗೇಯಾ ಬದುಕಿದ್ದ ಕಾಲದ ನೆನಪು ಮುಂದೆ ಬರುತ್ತದೆ. ತಂದೆ ಅವನಿಗೆ ಒಂದು ಪದ ಮಾತ್ರ. ತಾಯಿ ಕರೆದು ಅಭ್ಯಾಸವಾದ ಜೀವ. ಈ ಇಡೀ ವೃತ್ತಾಂತವನ್ನು ಚೆಖೋವನು ಒಂದು ಪ್ರತ್ಯಯದ ಇರವು ಇಲ್ಲಮೆಗಳಲ್ಲಿ ಹೇಳಿ ಮುಗಿಸಿದ್ದಾನೆ.

ಕನ್ನಡದಲ್ಲಿ ಇದನ್ನು ‘ತಂದೆಯಿಲ್ಲ, ತಾಯಿಯಿಲ್ಲ’ ಎಂದರೂ, ‘ಅಪ್ಪನಿಲ್ಲ, ಅಮ್ಮನಿಲ್ಲ’ ಎಂದರೂ ಜೋಡಿ ಸಮವಾಗಿ ಬಿಡುತ್ತದೆ, ಸೂಕ್ಷ್ಮ ಹೋಗುತ್ತದೆ. ‘ಪುಟ್ಟ ಅಮ್ಮ’, ‘ಮುದ್ದಿನ ಅಮ್ಮ’ ಎನ್ನುವುದು ವಿಕಾರ. ಆದರೆ ನಮ್ಮ ಬಂಧುವಾಚಕಗಳು ಎರಡು ಪದರಗಳಲ್ಲಿವೆ ಎಂಬುದನ್ನು ಗಮನಿಸಬೇಕು. ‘ತಂದೆ’, ‘ತಾಯಿ’, ‘ಮಗ’ ಎಂಬುವು ಇತರರಿಗೆ ನಂಟನ್ನು ತಿಳಿಸುವ ಪದಗಳು. ‘ಅಪ್ಪ’, ‘ಅಮ್ಮ’, ‘ಅವ್ವ’ ಎಂಬುವು ಎದುರಿಗೆ ಕರೆಯುವ ಪದಗಳು. ತಂದೆಯನ್ನು ಮೊದಲ ಪದರದಿಂದಲೂ ತಾಯಿಯನ್ನು ಎರಡನೆಯ ಪದರದಿಂದಲೂ ತೆಗೆದುಕೊಂಡು, ಒಂದೆಡೆ ‘ತಂದೆ’, ಇನ್ನೊಂದೆಡೆ ‘ಅವ್ವ’ ಎಂದರೆ, ಯಾವ ಪ್ರತ್ಯಯವೂ ಇಲ್ಲದೆ, ಯಾವ ವಿಶೇಷಣವೂ ಇಲ್ಲದೆ, ಮೂಲದ ಅಸಮತೆ ಯಥಾವತ್ತಾಗಿ ಇಳಿಯುತ್ತದೆ. ಓದುಗನು ಅದನ್ನು ಗುರುತಿಸದೆಯೇ ಇರಬಹುದು; ರಷ್ಯನ್ ಓದುಗನೂ ಅದನ್ನು ಬೆರಳಿಟ್ಟು ಗುರುತಿಸುವುದಿಲ್ಲ. ಮನಸ್ಸಿಗೆ ತಟ್ಟಿದರೆ ಆಯಿತು.

ಇದರ ಆಸುಪಾಸಿನಲ್ಲಿಯೇ ಇನ್ನೊಂದು ಬೆಡಗಿದೆ. ಹಬ್ಬದ ಶುಭಾಶಯ ಹೇಳುವಾಗ ಹುಡುಗನು, ದೊಡ್ಡವರ ಕಾಗದಗಳನ್ನು ಅನುಕರಿಸಿ, ಅಜ್ಜನಿಗೆ ‘ನೀವು’ ಎನ್ನುತ್ತಾನೆ. ಅದೇ ವಾಕ್ಯ ಮುಗಿಯುವುದರೊಳಗೆ ‘ನೀನು’ ಎಂದು ಜಾರುತ್ತಾನೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ಸರ್ವನಾಮವಾದುದರಿಂದ, ಇಂಗ್ಲಿಷಿನ ಮೂಲಕ ಬಂದವನಿಗೆ ಈ ಜಾರುವಿಕೆ ಕಾಣಿಸುವುದೇ ಇಲ್ಲ. ಎರಡನ್ನೂ ‘ನೀವು’ ಎಂದು ಸಮಗೊಳಿಸಿ, ತಾನು ಶಿಷ್ಟಾಚಾರ ಪಾಲಿಸಿದೆನೆಂದು ಅವನು ನಂಬಬಹುದು. ನಮ್ಮ ಭಾಷೆಗೆ ಇದು ಕೈಗೆಟಕುವ ವಸ್ತು. ನಮ್ಮ ಹಳ್ಳಿಯ ಹುಡುಗನೂ ಕಾಗದದ ತಲೆಯಲ್ಲಿ ‘ತೀರ್ಥರೂಪ’ ಎಂದು ಬಹುವಚನದಲ್ಲಿ ಆರಂಭಿಸಿ, ಎರಡನೆಯ ಸಾಲಿಗೆ ‘ನೀನು ಯಾವಾಗ ಬರುತ್ತೀ’ ಎಂದು ಕೇಳುವವನೇ. ‘ತೀರ್ಥರೂಪ’ ಎಂಬ ಪದವನ್ನೇ ವಾನ್ಕಾನ ಬಾಯಲ್ಲಿ ಹಾಕಬಾರದು. ಅದರ ಗತ್ತನ್ನು ಮಾತ್ರ ಬಳಸಿಕೊಳ್ಳಬಹುದು.

ನಾಲ್ಕನೆಯದು ಲಕೋಟೆ. ಹುಡುಗನು ಮೊದಲು ಹಳ್ಳಿ, ದೇದುಷ್ಕಾ ಎಂಬಷ್ಟನ್ನೇ ಬರೆಯುತ್ತಾನೆ. ಆಮೇಲೆ ತಲೆ ಕೆರೆದುಕೊಂಡು ಯೋಚಿಸಿ, ಅಜ್ಜನ ಹೆಸರು ಕಾನ್‌ಸ್ತಾಂತಿನ್ ಮಕಾರಿಚ್ ಎಂದು ಸೇರಿಸುತ್ತಾನೆ. ಈ ವಿಳಾಸವು ರಷ್ಯನ್ನಿನಲ್ಲಿ, ತಲುಪಬೇಕಾದ ಕಡೆಗೆ ಎಂದೂ ತಲುಪದ ಪತ್ರಕ್ಕೆ ಗಾದೆಯ ಮಾತೇ ಆಗಿಬಿಟ್ಟಿದೆ. ಅಂಚೆಯವನಿಗೆ ಮುದ್ದಿನ ಮಾತಿನಲ್ಲಿ ವಿಳಾಸ ಹೇಳಿದುದೇ ಅದರ ನಗೆ, ಅದರ ನೋವು. ಇಲ್ಲಿ ಕನ್ನಡ ಅನುವಾದಕನು ವಾಡಿಕೆಯಂತೆ ‘ಅಜ್ಜನವರಿಗೆ’ ಎಂದು ಗೌರವ ಸೇರಿಸಿದರೆ ಲಕೋಟೆ ಕಚೇರಿಯದಾಗುತ್ತದೆ. ಮೊದಲ ಭಾಗದಲ್ಲಿ ‘ಅಜ್ಜನಿಗೆ’ ಎಂಬ ಏಕವಚನವೇ ಇರಬೇಕು. ಯೋಚಿಸಿ ಸೇರಿಸಿದ ಹೆಸರಿನ ಮುಂದೆ ಮಾತ್ರ ‘ಅವರಿಗೆ’ ಎಂಬುದು ಬರಬಹುದು. ಹುಡುಗನ ಲೋಕಕ್ಕೂ ದೊಡ್ಡವರ ಲೋಕಕ್ಕೂ ನಡುವಣ ಅಂತರ ಈ ಎರಡು ಚತುರ್ಥಿಗಳ ಅಂತರದಲ್ಲಿ ನಿಲ್ಲುತ್ತದೆ.

ಇದೇ ಕಾಗದದಲ್ಲಿ ಸೆಲ್ಯೋದ್ಕಾ ಕೂಡ ಬರುತ್ತದೆ. ಯಜಮಾನತಿಯು ಹೆರಿಂಗನ್ನು ಶುಚಿಮಾಡಲು ಹೇಳಿದಾಗ ಹುಡುಗನು ಬಾಲದಿಂದ ಆರಂಭಿಸಿದನೆಂದು, ಅವಳು ಆ ಮೀನಿನ ಮೂತಿಯನ್ನೇ ಅವನ ಮುಖಕ್ಕೆ ತಿವಿಯುತ್ತಾಳೆ. ಅಲ್ಲಿ ‘ಪುಟ್ಟ ಮೀನು’ ಎಂದು ಬರೆದವನು ಪ್ರತ್ಯಯವನ್ನು ನೋಡಿದ್ದಾನೆ, ಕಥೆಯನ್ನು ನೋಡಿಲ್ಲ.

5

ಇಲ್ಲಿಯ ತನಕ ಹೇಳಿದುದು ಮನುಷ್ಯರ ವಿಷಯ. ವಸ್ತುಗಳ ವಿಷಯದಲ್ಲಿ ಕನ್ನಡದ ಕೈ ನಿಜವಾಗಿಯೂ ಕಟ್ಟಿದೆ. 1904ರಲ್ಲಿ ಮಾಸ್ಕೋ ಕಲಾ ರಂಗಮಂದಿರದಲ್ಲಿ ಮೊದಲು ಪ್ರದರ್ಶಿತವಾದ ಚೆಖೋವನ ‘ಚೆರ್ರಿ ತೋಟ’ ನಾಟಕದ ಮೊದಲನೆಯ ಅಂಕದಲ್ಲಿ, ಬಹುಕಾಲದ ಮೇಲೆ ಮನೆಗೆ ಮರಳಿದ ರನೇವ್‌ಸ್ಕಾಯಾ ಹಳೆಯ ಕಪಾಟನ್ನು ಮುತ್ತಿಡುತ್ತಾಳೆ. ‘ಶ್ಕಾಫ್’ ಎಂಬ ಪದವನ್ನು ‘ಶ್ಕಾಫಿಕ್’ ಮಾಡಿ, ‘ಸ್ತೋಲ್’ ಎಂಬ ಮೇಜನ್ನು ‘ಸ್ತೋಲಿಕ್’ ಮಾಡಿ ಮಾತಾಡಿಸುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಅಣ್ಣ ಗಾಯೆವ್ ಅದೇ ಕಪಾಟಿಗೆ ನೂರು ವರುಷ ತುಂಬಿತೆಂದು ಗೌರವದ ವಿಶೇಷಣಗಳಿಂದ ಅಭಿನಂದನ ಭಾಷಣ ಮಾಡುತ್ತಾನೆ. ತಂಗಿ ಕಪಾಟನ್ನು ಕೂಸು ಮಾಡುತ್ತಾಳೆ. ಅಣ್ಣ ಅದನ್ನು ಸಭಾಧ್ಯಕ್ಷನನ್ನಾಗಿ ಮಾಡುತ್ತಾನೆ. ಮನೆಯನ್ನು ಉಳಿಸಿಕೊಳ್ಳಲಾರದ ಇಬ್ಬರ ಎರಡು ಬಗೆಯ ಅಸಹಾಯಕತೆ ಇದು.

ಅಣ್ಣನ ಪಾಲು ಕನ್ನಡಕ್ಕೆ ಅಂಗೈಯ ನೆಲ್ಲಿ. ಸನ್ಮಾನಪತ್ರಗಳ ಭಾಷೆ ನಮ್ಮಲ್ಲಿ ಯಥೇಚ್ಛವಾಗಿದೆ. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಕುಳಿತವರಿಗೆ ಅದರ ನಗೆ ತಾನಾಗಿ ತಿಳಿಯುತ್ತದೆ. ತಂಗಿಯ ಪಾಲು ಕಷ್ಟ. ‘ಪುಟ್ಟ ಕಪಾಟು’ ಎಂದರೆ ನೂರು ವರುಷದ ದೊಡ್ಡ ಕಪಾಟು ಗಾತ್ರದಲ್ಲಿ ಕುಗ್ಗುತ್ತದೆ. ಇಲ್ಲಿ ನಮ್ಮಲ್ಲಿರುವ ಉಪಾಯ ಎರಡು. ಕನ್ನಡದಲ್ಲಿ ನಪುಂಸಕಲಿಂಗದ ವಸ್ತುವನ್ನು ಸಂಬೋಧಿಸಿ ‘ನೀನು’ ಎಂದ ಕೂಡಲೆ ಅದು ಜೀವವಾಗುತ್ತದೆ. ‘ಅದು’ ಎಂಬುದರಿಂದ ‘ನೀನು’ ಎಂಬುದಕ್ಕೆ ದಾಟುವ ಹೆಜ್ಜೆಯೇ ಅಕ್ಕರೆ. ಮತ್ತೊಂದು ‘ನಮ್ಮ’ ಎಂಬ ಷಷ್ಠಿ. ‘ನನ್ನ ಕಪಾಟು’ ಎಂಬುದು ಒಡೆತನ, ‘ನಮ್ಮ ಕಪಾಟು’ ಎಂಬುದು ಒಕ್ಕಲುತನ. ಇವೆರಡರಿಂದಲೂ ಮೂಲದ ‘-ಇಕ್’ ಪೂರ್ತಿಯಾಗಿ ಬರುವುದಿಲ್ಲವೆಂಬುದನ್ನು ಒಪ್ಪಬೇಕು. ಆದರೆ ನಾಟಕದಲ್ಲಿ ನಟಿಯ ತುಟಿಯಿದೆ, ಕೈಯಿದೆ. ಮುತ್ತಿಡುವ ಕ್ರಿಯೆ ಕಣ್ಣೆದುರಿಗೆ ನಡೆಯುತ್ತಿರುವಾಗ ಮಾತು ಅದನ್ನೇ ಮತ್ತೆ ಹೇಳಬೇಕಾಗಿಲ್ಲ. ಕಥೆಯ ಅನುವಾದಕನಿಗೆ ಈ ಆಸರೆ ಸಿಗದು. ಅವನು ಹತ್ತು ವಸ್ತುಗಳ ಮುದ್ದುರೂಪಗಳಲ್ಲಿ ಎಂಟನ್ನು ಬಿಟ್ಟು, ಉಳಿದ ಎರಡನ್ನು ಗಟ್ಟಿಯಾಗಿ ಹಿಡಿಯುವುದೇ ಲೇಸು.

6

ಇಲ್ಲಿ ಒಂದು ಆಕ್ಷೇಪ ಬರಬಹುದು. ನಂಟಿನ ಮಾತುಗಳಿಂದ ರಷ್ಯನ್ ಅಕ್ಕರೆಯನ್ನು ತರುವುದಾದರೆ ಎಲ್ಲ ಮುದ್ದುರೂಪಗಳೂ ಪ್ರಾಮಾಣಿಕವೆಂದು ನಂಬಿದಂತಾಗಲಿಲ್ಲವೇ? ಹಾಗೆ ನಂಬಬಾರದು ನಿಜ. ಸಲ್ತಿಕೋವ್-ಶ್ಚೆದ್ರಿನನ ‘ಗಲವ್ಲ್ಯೋವ್ ಮನೆತನ’ ಕಾದಂಬರಿಯಲ್ಲಿ ಪೋರ್ಫಿರಿ ಎಂಬವನಿಗೆ ‘ಯೂದುಷ್ಕಾ’ ಎಂಬ ಅಡ್ಡಹೆಸರಿದೆ. ಯೇಸುವಿಗೆ ದ್ರೋಹ ಬಗೆದ ಯೂದನ ಹೆಸರಿಗೆ ಮುದ್ದಿನ ಬಾಲ. ಅವನು ತಾಯಿಯನ್ನು ಜೇನಿನಂಥ ಮುದ್ದುರೂಪಗಳಲ್ಲಿ ಕರೆಯುತ್ತ ಕರೆಯುತ್ತಲೇ ಅವಳ ಆಸ್ತಿಯನ್ನು ಕೈವಶ ಮಾಡಿಕೊಳ್ಳುತ್ತಾನೆ. ಆದರೆ ಕನ್ನಡದ ಉಪಾಯ ಇಲ್ಲಿಯೂ ಸೋಲುವುದಿಲ್ಲ. ಮಾತುಮಾತಿಗೂ ‘ಅಮ್ಮಾ’, ‘ತಾಯೀ’ ಎನ್ನುತ್ತ ಗಂಟಲು ಕೊಯ್ಯುವವರ ಪರಿಚಯ ನಮಗಿಲ್ಲದೆ ಇಲ್ಲ. ‘ತಂದೆ’, ‘ಅವ್ವ’ ಎಂಬಂತೆ ಒಮ್ಮೆ ಬಂದರೆ ಅಕ್ಕರೆ, ಪ್ರತಿ ವಾಕ್ಯದ ಕೊನೆಗೂ ಬಂದರೆ ಬೆಣ್ಣೆ. ಸತ್ಯವನ್ನೂ ಸೋಗನ್ನೂ ಬೇರ್ಪಡಿಸುವುದು ಪದವಲ್ಲ, ಪ್ರಮಾಣ.

ಮತ್ತೊಂದು ಪ್ರಶ್ನೆ ಹೆಚ್ಚು ಗಹನವಾದುದು. ಯಾರ ಮನೆಯ ಮಾತು? ಅವ್ವನೋ ಅಮ್ಮನೋ? ಅಜ್ಜನೋ ತಾತನೋ ಮುತ್ಯಾನೋ? ಶಿಷ್ಟಕನ್ನಡವು ಎಲ್ಲ ಪ್ರಾಂತಗಳಿಗೂ ಸಮನಾಗಿರಲೆಂದು ಮನೆಯ ಮಾತನ್ನು ಹೊಸ್ತಿಲ ಹೊರಗೇ ನಿಲ್ಲಿಸಿತು. ಅದರೊಡನೆ ಅಕ್ಕರೆಯ ವ್ಯಾಕರಣವೂ ಹೊರಗೆ ನಿಂತಿತು. ಈ ವಿಷಯದಲ್ಲಿ ಊರು ಬಿಟ್ಟು ಬಂದ ನಮಗೆ ಒಂದು ವಿಶೇಷ ಅನುಕೂಲವಿದೆ. ಡೊಂಬಿವಲಿಯಲ್ಲಾಗಲಿ ನವಿ ಮುಂಬಯಿಯಲ್ಲಾಗಲಿ ಧಾರವಾಡದ ಕಡೆಯವರು, ಕರಾವಳಿಯವರು, ಮೈಸೂರು ಸೀಮೆಯವರು ಒಂದೇ ಕಟ್ಟಡದ ಮೂರು ಮಹಡಿಗಳಲ್ಲಿರುವುದು ಅಪರೂಪವೇನೂ ಅಲ್ಲ; ತುಳುವಿನ ‘ಅಜ್ಜೆರ್’ ಎಂಬುದರಲ್ಲಿ ಗೌರವವೂ ಅಕ್ಕರೆಯೂ ಒಟ್ಟಿಗೇ ಇರುವುದನ್ನು ಕೇಳುವ ಅವಕಾಶವೂ ಇದೆ. ಅನುವಾದದ ಹಸ್ತಪ್ರತಿಯನ್ನು ಮೂರು ಸೀಮೆಗಳ ಮೂವರ ಮುಂದೆ ಗಟ್ಟಿಯಾಗಿ ಓದಿದರೆ, ಯಾವ ಮಾತು ಒಬ್ಬರಿಗೆ ಮಾತ್ರ ತಟ್ಟುತ್ತದೆ, ಯಾವುದು ಮೂವರಿಗೂ ತಟ್ಟುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ‘ಮುತ್ಯಾ’ ಎಂದರೆ ಇಬ್ಬರು ನಿಂತು ಯೋಚಿಸುತ್ತಾರೆ. ‘ಅಜ್ಜಾ’ ಎಂದರೆ ಯಾರೂ ನಿಲ್ಲುವುದಿಲ್ಲ.

ಇದರ ಜೊತೆಗೆ ಇನ್ನೆರಡು ಪರೀಕ್ಷೆಗಳನ್ನು ಅನುವಾದಕನು ತಾನೇ ಮಾಡಿಕೊಳ್ಳಬಹುದು. ಮುದ್ದಿನ ವಿಶೇಷಣವನ್ನು ಹೊಡೆದುಹಾಕಿ ವಾಕ್ಯವನ್ನು ಮತ್ತೊಮ್ಮೆ ಓದಬೇಕು. ನಷ್ಟವೇನೂ ಆಗಿರದಿದ್ದರೆ ಅದು ಬೇಡದ ಹೊರೆ. ಹಾಗೆಯೇ, ಇಂಗ್ಲಿಷಿನಿಂದ ಅನುವಾದಿಸುವಾಗಲೂ, ಹೆಸರುಗಳನ್ನೂ ಬಂಧುವಾಚಕಗಳನ್ನೂ ಮೂಲದ ಪುಟದೊಡನೆ ತಾಳೆ ನೋಡಬೇಕು. ರಷ್ಯನ್ ವರ್ಣಮಾಲೆಯಲ್ಲಿರುವುದು 33 ಅಕ್ಷರಗಳು. ಭಾಷೆ ಬಾರದಿದ್ದರೂ ಅಷ್ಟನ್ನು ಕಲಿತವನು, ವಾನ್ಕಾ ಎಲ್ಲಿ ವಾನ್ಯುಷ್ಕಾ ಆದನು, ದೇದ್ ಎಲ್ಲಿ ದೇದುಷ್ಕಾ ಆದನು ಎಂಬುದನ್ನು ಗುರುತು ಹಾಕಿಕೊಳ್ಳಬಲ್ಲನು.

ಕನ್ನಡದಲ್ಲಿ ಮುದ್ದಿನ ಪ್ರತ್ಯಯವಿಲ್ಲವೆಂಬ ಮಾತು ಸಾಮಾನ್ಯ ನಾಮಪದಗಳ ಮಟ್ಟಿಗೆ ನಿಜ. ಅಕ್ಕರೆಯ ವ್ಯಾಕರಣವಿಲ್ಲವೆಂಬುದು ನಿಜವಲ್ಲ. ಆ ವ್ಯಾಕರಣ ಸಂಬೋಧನೆಯ ದೀರ್ಘದಲ್ಲಿದೆ, ನೀನು-ನೀವುಗಳ ಆಯ್ಕೆಯಲ್ಲಿದೆ, ಮಗನನ್ನು ಅಪ್ಪನೆನ್ನುವ ನಂಟಿನಲ್ಲಿದೆ. ಅದು ಯಾವ ನಿಘಂಟಿನಲ್ಲಿಯೂ ಪ್ರತ್ಯೇಕ ನಮೂದಾಗಿ ಸಿಗದು. ಬಾಯಿಂದ ಬಾಯಿಗೆ ಮಾತ್ರ ಬರುವಂಥದು. ನಮ್ಮ ಮನೆಗಳಲ್ಲಿ ಹೆಸರುಗಳು ಮರಾಠಿಯ, ಇಂಗ್ಲಿಷಿನ ತುಂಡುಗಳಾಗುತ್ತಿರುವಾಗ, ಅಜ್ಜನಿಗೂ ಮೊಮ್ಮಗನಿಗೂ ನಡುವಿನ ಮಾತು ವಾರಕ್ಕೊಂದು ದೂರವಾಣಿ ಕರೆಗೆ ಇಳಿದಿರುವಾಗ, ಮೊದಲು ಸವೆಯುವುದು ಈ ಕರೆಯುವ ಮಾತುಗಳೇ. ಅವು ಹೋದ ಮೇಲೆ ಉಳಿಯುವ ಕನ್ನಡದಲ್ಲಿ ಕಾದಂಬರಿಯ ಕಥೆಯನ್ನು ಹೇಳಬಹುದು, ಒಂಬತ್ತು ವರುಷದ ಹುಡುಗನ ಕಾಗದವನ್ನು ಬರೆಯಲಾಗದು.